ಖಾಲಿ ಬಿಟ್ಟ ಎರಡು ಗಂಟೆ

ನನ್ನ ಫೋನಿನಲ್ಲಿ ಏಳು ಚಿತ್ರಗಳಿವೆ. ಮದುವೆ ಮುಂಜಿಯ ಫೋಟೋಗಳನ್ನೆಲ್ಲ ಜಾಗ ಸಾಲದೆಂದು ಒರೆಸಿ ಹಾಕಿದ್ದೇನೆ, ಈ ಏಳನ್ನು ಮಾತ್ರ ಅಳಿಸಲು ಕೈ ಬರುವುದಿಲ್ಲ. ನೋಡುವವರಿಗೆ ಅದರಲ್ಲಿ ಎಂತದೂ ಇಲ್ಲ. ದೆಹಲಿಯ ಒಂದು ಬಡಾವಣೆಯ ಗಾಳಿ ಎಷ್ಟು ಕೆಟ್ಟಿದೆ ಎಂದು ಗಂಟೆಗೊಂದು ಬಣ್ಣದ ಕಂಬ ಹಾಕಿ ತೋರಿಸುವ ಸ್ಕ್ರೀನ್‌ಶಾಟ್‌ಗಳು ಅವು. ದಿನಕ್ಕೊಂದರಂತೆ ಒಂದು ವಾರದ್ದು. ಸಾಗರದಲ್ಲಿ ಕೂತು ಕಾಫಿ ಕುಡಿಯುವ ನಿವೃತ್ತ ಪಿ.ಟಿ. ಮೇಷ್ಟ್ರಿಗೆ ದೆಹಲಿಯ ಗಾಳಿ ಯಾಕೆ ಎಂದು ನನ್ನ ಹೆಂಡತಿ ಆಗಲೇ ಕೇಳಿದ್ದಳು. ಅವಳ ಮಾತನ್ನು ಅಲ್ಲಿಗೇ ಕೇಳಿ ಫೋನು ಕೆಳಗಿಟ್ಟಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ.

ಅವುಗಳನ್ನು ಕಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹೊಸನಗರದ ಹೈಸ್ಕೂಲಿನಲ್ಲಿ ನಾನು ಇದ್ದಾಗ ಎಂಟನೇ ಕ್ಲಾಸಿಗೆ ಸೇರಿದವಳು. ಊರಿಂದ ಶಾಲೆಗೆ ಬಸ್ಸು ತಪ್ಪಿದರೆ ಅಳುತ್ತ ಕೂರುವ ಮಕ್ಕಳ ನಡುವೆ ಇವಳು ಚೀಲ ಬೆನ್ನಿಗೆ ಕಟ್ಟಿ ಓಡಿಕೊಂಡೇ ಬರುತ್ತಿದ್ದಳು. ಪ್ರಾರ್ಥನೆಗೆ ಸರಿಯಾಗಿ ಗೇಟಿನೊಳಗೆ ಕಾಲಿಡುತ್ತಿದ್ದಳು. ಅದನ್ನು ನೋಡಿಯೇ ನಾನು ಅವಳನ್ನು ಮೈದಾನಕ್ಕೆ ಎಳೆದದ್ದು. ಆದರೆ ಅವಳಿಗೆ ಉಬ್ಬಸವಿತ್ತು. ಚಳಿಗಾಲದ ಬೆಳಗ್ಗೆ ಮೂರನೇ ಸುತ್ತಿಗೆ ಎದೆಯೊಳಗೆ ಸೀಟಿ ಹೊಡೆದ ಹಾಗೆ ಸದ್ದು ಬರುತ್ತಿತ್ತು. ನಿಂತು ಮೊಣಕಾಲ ಮೇಲೆ ಕೈಯೂರಿದರೆ ನಾನು ಮೈದಾನದ ಈಚೆ ಬದಿಯಿಂದ ಕೂಗುತ್ತಿದ್ದೆ:

"ಏನೇ, ಶುರುವಾಯ್ತಾ ನಿನ್ನ ನೆಪ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಉಳಿದ ಮಕ್ಕಳು ನಗುತ್ತಿದ್ದರು. ಅವಳು ಮತ್ತೆ ಓಡುತ್ತಿದ್ದಳು. ಹಾಗೆ ಓಡಿಯೇ ಅವಳು ಜಿಲ್ಲೆ ಗೆದ್ದಳು, ರಾಜ್ಯಕ್ಕೆ ಹೋದಳು, ಕ್ರೀಡಾ ಕೋಟಾದಲ್ಲಿ ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಹಿಡಿದಳು. ನೋಡಿದಿರಾ, ಬೈದದ್ದಕ್ಕೇ ಉದ್ಧಾರವಾದಳು ಎಂದು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವಳ ಫೋನು ಬಂತು. ಜನವರಿ ಮೊದಲ ವಾರದಲ್ಲಿ ಅವಳ ಇಲಾಖೆಯ ತಂಡಕ್ಕೆ ಹತ್ತು ಸಾವಿರ ಮೀಟರ್ ಓಟದ ಆಯ್ಕೆ ಇತ್ತು. ಅವಳಿಗೆ ಮೂವತ್ತನಾಲ್ಕು. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಈ ಸಲ ಆಯ್ಕೆಯಾದರೆ ಇನ್ನೂ ಕೆಲವು ವರ್ಷ ಓಟಗಾರ್ತಿಯಾಗಿಯೇ ಉಳಿಯಬಹುದು, ಇಲ್ಲದಿದ್ದರೆ ಕಡತ ಹಿಡಿದು ಕುರ್ಚಿಯಲ್ಲಿ ಕೂರಬೇಕು.

"ಪ್ರಾಕ್ಟೀಸಿಗೆ ದಿನಾ ಎರಡು ಗಂಟೆ ಬಿಡ್ತಾರೆ ಸರ್. ಬೆಳಿಗ್ಗೆ ಓಡಿ ಎರಡು ಗಂಟೆ ಲೇಟಾಗಿ ಆಫೀಸಿಗೆ ಹೋಗಬೋದು, ಇಲ್ಲಾ ಮಧ್ಯಾಹ್ನ ಎರಡರಿಂದ ನಾಲ್ಕು ಓಡಬೋದು. ಯಾವುದಾದ್ರೂ ಒಂದೇ. ಕೋಚ್ ಹತ್ರ ಬರೆಸ್ಕೊಂಡು ಬಾ ಅಂದಿದಾರೆ. ಇಲ್ಲಿ ನಂಗೆ ಕೋಚ್ ಅಂತ ಯಾರೂ ಇಲ್ಲ. ನನ್ನ ಕೋಚ್ ನೀವೇ ಅಲ್ವಾ."

ಆ ಮಾತಿಗೆ ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ. ಐದಾರು ವರ್ಷದಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಾನು ಕೂಡಲೇ ಬೆಳಿಗ್ಗೆ ಎಂದೆ. ಅವಳು ತಡೆದಳು.

"ಹಂಗೆ ಹೇಳ್ಬೇಡಿ ಸರ್. ಇಲ್ಲಿ ಗಾಳಿ ಭಾರಿ ಕೆಟ್ಟದ್ದು. ಗಂಟೆ ಗಂಟೆಗೆ ಬದಲಾಗ್ತದೆ. ಒಂದು ವಾರ ದಿನಾ ಸಂಜೆ ಸ್ಕ್ರೀನ್‌ಶಾಟ್ ಕಳಿಸ್ತೀನಿ. ನೋಡಿ ಹೇಳಿ."

ಮೊದಲ ಚಿತ್ರ ಬಂದಾಗ ನನಗೆ ತಲೆಬುಡ ಗೊತ್ತಾಗಲಿಲ್ಲ. ಅವಳೇ ಹೇಳಿಕೊಟ್ಟಳು. ಮೇಲೆ ಕಾಣುವ ದೊಡ್ಡ ಅಂಕಿ ಇಡೀ ದಿನದ ಸರಾಸರಿ, ಓಡುವವರು ನೋಡಬೇಕಾದ್ದು ಅದಲ್ಲ. ಕೆಳಗಿನ ಸಾಲು ಕಂಬಗಳನ್ನು ನೋಡಬೇಕು, ಒಂದು ಕಂಬ ಅಂದರೆ ಒಂದು ಗಂಟೆ. ಕಂಬ ಎತ್ತರವಾದಷ್ಟೂ ಗಾಳಿ ಕೊಳಕು. ಹಳದಿ ಪರವಾಗಿಲ್ಲ, ಕಿತ್ತಳೆ ಕೆಟ್ಟದ್ದು, ಕೆಂಪು ತೀರಾ ಕೆಟ್ಟದ್ದು, ಕಡುಗೆಂಪಿಗೆ ಕಿಟಕಿಯನ್ನೂ ತೆಗೆಯಬಾರದು. ಹಸಿರು ಅವರ ಊರಲ್ಲಿ ಆ ತಿಂಗಳು ಕಾಣಿಸುವುದೇ ಇಲ್ಲ. ನಾನು ಅದನ್ನು ನಾಳೆಯ ಭವಿಷ್ಯ ಎಂದುಕೊಂಡಿದ್ದೆ. "ಅಲ್ಲ ಸರ್, ಇದು ಆಗಿಹೋದ ಇಪ್ಪತ್ನಾಲ್ಕು ಗಂಟೆ. ಅದಕ್ಕೇ ಒಂದು ದಿನದ್ದು ಸಾಲಲ್ಲ, ಒಂದು ವಾರ ನೋಡ್ಬೇಕು. ದಿನಾ ಯಾವ ಹೊತ್ತಿಗೆ ಇಳೀತದೆ ಅಂತ ಗೊತ್ತಾಗ್ತದೆ" ಎಂದಳು. ಎಷ್ಟು ಸರಿಯಾಗಿ ತಿಳಿದುಕೊಂಡಿದ್ದಳು ಅಂತ ಈಗ ಅನಿಸುತ್ತದೆ. ಆಗ ಮಾತ್ರ, ಇವಳು ನನಗೇ ಪಾಠ ಹೇಳುತ್ತಾಳಲ್ಲ ಅನಿಸಿತ್ತು.

ನಾನು ಒಂದು ನೋಟುಬುಕ್ಕು ತೆಗೆದೆ. ಫೋನಿನ ಗಾಜಿನ ಮೇಲೆ ಅಡಿಪಟ್ಟಿ ಇಟ್ಟು ಪ್ರತಿ ಕಂಬದ ಎತ್ತರ ಅಳೆದು ಗಂಟೆವಾರು ಬರೆದೆ. ಏಳು ದಿನವೂ ಚಿತ್ರ ಹೆಚ್ಚುಕಡಿಮೆ ಒಂದೇ ತರ. ಸಂಜೆ ಆರರಿಂದ ಕಂಬ ಏರುತ್ತ ಹೋಗಿ ಬೆಳಗಿನ ಜಾವ ಕಡುಗೆಂಪಾಗುತ್ತಿತ್ತು. ಹತ್ತು ಗಂಟೆಯ ಮೇಲೆ ನಿಧಾನ ಇಳಿದು, ಎರಡರಿಂದ ನಾಲ್ಕರ ನಡುವೆ ಕಿತ್ತಳೆಗೆ, ಎರಡು ದಿನ ಹಳದಿಗೂ ಬಂದಿತ್ತು. ಬೆಳಿಗ್ಗೆ ಐದು ಮತ್ತು ಆರರ ಜಾಗದಲ್ಲಿ ಮಾತ್ರ ಕಂಬವೇ ಇರಲಿಲ್ಲ. ಏಳರಲ್ಲಿ ಐದು ದಿನ ಆ ಎರಡು ಗಂಟೆ ಖಾಲಿ. ಉಳಿದೆರಡು ದಿನ ಅಲ್ಲೂ ಕಡುಗೆಂಪಿತ್ತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅದನ್ನು ನೋಡಿದ ಕೂಡಲೇ ನಾನು ಚಿಟಿಕೆ ಹೊಡೆದೆ. ಖಾಲಿ ಅಂದರೆ ನನಗೆ ಒಂದೇ ಅರ್ಥ. ಹೊಸನಗರದ ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ಹದಿನೆಂಟು ವರ್ಷ ಅದರ ಉಸ್ತುವಾರಿ ನನ್ನದು. ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ ರಿಜಿಸ್ಟರಿನಲ್ಲಿ ಇಷ್ಟು ಮಿಲಿಮೀಟರ್ ಎಂದು ಬರೆಯುವುದು. ಮಳೆ ಬಾರದ ದಿನ ಆ ತಾರೀಖಿನ ಮುಂದಿನ ಮನೆ ಖಾಲಿ ಬಿಡುವುದು. ನಮ್ಮ ಕಡೆ ಮಳೆ ಬರೆಯುವವರೆಲ್ಲ ಹಾಗೇ, ಸೊನ್ನೆ ಯಾರು ಹಾಕುತ್ತಾರೆ? ಜನವರಿ, ಫೆಬ್ರವರಿಯ ಪುಟಗಳು ಬೋಳಾಗಿಯೇ ಇರುತ್ತಿದ್ದವು. ನಾನು ಅಳೆಯದ ದಿನ ಒಂದೂ ಇರಲಿಲ್ಲ, ಜ್ವರ ಬಂದರೂ ಹೋಗಿ ಅಳೆದಿದ್ದೇನೆ. ಹಾಗಾಗಿ ನನ್ನ ರಿಜಿಸ್ಟರಿನಲ್ಲಿ ಖಾಲಿ ಮನೆ ಅಂದರೆ ಮಳೆ ಇಲ್ಲ, ಅಷ್ಟೇ. ದೆಹಲಿಯ ಖಾಲಿ ಮನೆಗೂ ನಾನು ಅದೇ ಅರ್ಥ ಹಚ್ಚಿದೆ. ಕಂಬವಿಲ್ಲ, ಕೊಳಕಿಲ್ಲ.

ಹೆಂಡತಿ ಬಟ್ಟೆ ಮಡಚುತ್ತ ಇಣುಕಿ ನೋಡಿದಳು. ಅವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು, ಖಾಲಿ ಬಿಟ್ಟ ಫಾರಂ ಕಂಡರೆ ಅವಳಿಗೆ ಆಗುವುದಿಲ್ಲ.

"ನಾಲ್ಕು ಗಂಟೆಗೆ ಅಷ್ಟೆತ್ತರ, ಏಳಕ್ಕೆ ಅಷ್ಟೆತ್ತರ. ಮಧ್ಯ ಎಲ್ಲೋಯ್ತು ರೀ? ಬರೆಯೋದು ಬಿಟ್ಟುಹೋಗಿದೆ ಅಂತ ಕಾಣ್ತದೆ."

"ಇಬ್ಬನಿ ಬೀಳೋ ಹೊತ್ತು ಅದು. ಧೂಳೆಲ್ಲ ಕೂತ್ಕೊಳ್ತದೆ. ನೀನು ನಿನ್ನ ಬಟ್ಟೆ ಮಡಚು."

"ಧೂಳು ಕೂತ್ಕೊಳ್ಳೋದು ನೀವು ನೋಡಿದ್ರಾ?"

"ನಲವತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದವನು ನಾನು" ಎಂದೆ. ಅವಳು ಸುಮ್ಮನಾದಳು. ನನ್ನ ಕೋಪಕ್ಕೆ ಸುಮ್ಮನಾಗುವವರನ್ನೆಲ್ಲ ನಾನು ಸೋತವರೆಂದೇ ಎಣಿಸಿಕೊಂಡು ಬಂದಿದ್ದೇನೆ.

ದೆಹಲಿಗೆ ಫೋನು ಹಚ್ಚಿ ಶಿಷ್ಯೆಗೆ ಹೇಳಿದೆ. ಬೆಳಿಗ್ಗೆ ಐದರಿಂದ ಏಳು.

"ಸರ್, ಇಲ್ಲಿ ಓಡೋರು ಮಧ್ಯಾಹ್ನ ವಾಸಿ ಅಂತಾರೆ. ಆಗ ಕಂಬ ಇಳಿದಿರ್ತದಲ್ಲ. ಬೆಳಿಗ್ಗೆ ಎದ್ದಾಗ ನಂಗೆ ಎದೆ ಸ್ವಲ್ಪ ಬಿಗೀತದೆ."

"ಮಧ್ಯಾಹ್ನ ಊಟ ಮಾಡಿ ಓಡಕ್ಕೆ ನೀನೇನು ಕತ್ತೆಯಾ? ಬೆಳಗಿನ ಗಾಳಿಗೆ ಸಮ ಯಾವುದೂ ಇಲ್ಲ. ನೀ ಕಳಿಸಿದ ಚಿತ್ರದಲ್ಲೇ ಇದೆ, ಐದು ಆರಕ್ಕೆ ಏನೂ ಇಲ್ಲ. ಎದೆ ಬಿಗೀತದಂತೆ. ಶುರುವಾಯ್ತು ನೋಡು ಹಳೇ ನೆಪ."

ನಾನು ನಗುತ್ತಲೇ ಹೇಳಿದ್ದು. ಅವಳೂ ನಕ್ಕಳು. "ಆಯ್ತು ಸರ್, ಬರ್ದು ಕಳಿಸಿ" ಎಂದಳು. ನಾನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಅದರ ಫೋಟೋ ತೆಗೆದು ಕಳಿಸಿದೆ. ಕೆಳಗೆ ತರಬೇತುದಾರ ಎಂದು ಬರೆದುಕೊಂಡಿದ್ದೆ.

ಆಮೇಲೆ ದಿನವೂ ಬೆಳಿಗ್ಗೆ ಏಳೂಕಾಲಿಗೆ ಅವಳ ಓಟದ ಲೆಕ್ಕ ಬರುತ್ತಿತ್ತು. ಇಷ್ಟು ಕಿಲೋಮೀಟರ್, ಇಷ್ಟು ನಿಮಿಷ. ಗಣಪತಿ ಕೆರೆಯ ಕಡೆ ವಾಕಿಂಗಿಗೆ ಹೋದವನು ಅಲ್ಲೇ ನಿಂತು ಅದನ್ನು ಓದಿ, ಪರಿಚಯದವರಿಗೆ ತೋರಿಸುತ್ತಿದ್ದೆ. ಮೊದಲ ವಾರ ಸಮಯ ಚೆನ್ನಾಗಿತ್ತು. ಎರಡನೇ ವಾರ ಪ್ರತಿ ಕಿಲೋಮೀಟರಿಗೆ ಹತ್ತು ಹನ್ನೆರಡು ಸೆಕೆಂಡು ಹೆಚ್ಚಾಯಿತು. "ಸೋಮಾರಿಯಾಗ್ತಿದೀಯ" ಎಂದು ಬರೆದು ಕಳಿಸಿದೆ. ಮೂರನೇ ವಾರ ಎರಡು ದಿನ ಲೆಕ್ಕ ಬರಲಿಲ್ಲ. ಕೆಮ್ಮು ಎಂದಳು. ಶುಂಠಿ ಕಷಾಯ ಕುಡಿ, ಬೆವರು ಬರುವ ತನಕ ಓಡು, ಕಫ ತಾನೇ ಕಿತ್ತು ಬರುತ್ತದೆ ಎಂದೆ. ನಾನೇನು ಡಾಕ್ಟರಾ? ಆದರೂ ಹೇಳಿದೆ.

ಆಯ್ಕೆಗೆ ಹದಿನೆಂಟು ದಿನ ಇರುವಾಗ ಅವಳ ರೂಮಿನಲ್ಲಿ ಜೊತೆಗಿದ್ದ ಹುಡುಗಿ ಫೋನು ಮಾಡಿದಳು. ಬೆಳಿಗ್ಗೆ ಆರು ಗಂಟೆಗೆ ಎಂಟನೇ ಕಿಲೋಮೀಟರಿನಲ್ಲಿ ಅವಳು ರಸ್ತೆಯ ಬದಿ ಕೂತುಬಿಟ್ಟಿದ್ದಳಂತೆ. ಉಬ್ಬಸದ ಪಂಪ್ ನಾಲ್ಕು ಸಲ ಎಳೆದರೂ ಉಸಿರು ಸಿಗಲಿಲ್ಲವಂತೆ. ಯಾರೋ ಆಟೋ ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸಿದ್ದರು. ಆಮ್ಲಜನಕ ಹಾಕಿ ಐದು ದಿನ ಇಟ್ಟುಕೊಂಡರು. ಎರಡು ತಿಂಗಳು ಓಡುವ ಮಾತೇ ಬೇಡ, ಆಮೇಲೂ ಮೊದಲಿನಂತೆ ಜೋರಾಗಿ ಓಡಬಹುದೋ ಇಲ್ಲವೋ ನೋಡಬೇಕು ಎಂದರಂತೆ. ಆಯ್ಕೆ ಅವಳಿಲ್ಲದೆ ನಡೆದುಹೋಯಿತು.

ಅವಳು ಆಸ್ಪತ್ರೆಯಿಂದ ರೂಮಿಗೆ ಬಂದ ಮೇಲೆ ನಾನು ಫೋನಿನಲ್ಲಿ ಮಾತಾಡಿದೆ. ಈಗ ಆ ಮಾತು ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಗುತ್ತದೆ. ಹೇಗಿದ್ದೀ ಎಂದು ಕೇಳಿ, ಅವಳು ಉತ್ತರ ಮುಗಿಸುವ ಮೊದಲೇ, "ವಾರ್ಮಪ್ ಸರಿಯಾಗಿ ಮಾಡಿರಲ್ಲ ನೀನು. ಮೂಗಲ್ಲಿ ಉಸಿರಾಡು ಅಂತ ಎಷ್ಟು ಸಲ ಹೇಳಿದ್ದೆ" ಎಂದೆ.

"ಹೌದು ಸರ್" ಎಂದಳು.

ಫೆಬ್ರವರಿಯಲ್ಲಿ ತೀರ್ಥಹಳ್ಳಿಯ ಶಾಲೆಯವರು ಕ್ರೀಡಾಕೂಟಕ್ಕೆ ತೀರ್ಪುಗಾರನಾಗಿ ಕರೆದರು. ನಾನು ನಿವೃತ್ತನಾದದ್ದು ಅದೇ ಶಾಲೆಯಲ್ಲಿ. ಊಟದ ಹೊತ್ತಿಗೆ ವಿಜ್ಞಾನದ ಮೇಡಂ ಅವರ ಕೋಣೆಯಲ್ಲಿ ಕೂತಿದ್ದೆ. ಮೇಜಿನ ಮೇಲೆ ಮಳೆಯ ರಿಜಿಸ್ಟರ್ ಇತ್ತು. ಹಳೆಯ ಚಾಳಿ, ತೆಗೆದು ನೋಡಿದೆ. ಮಳೆಯಿಲ್ಲದ ದಿನಕ್ಕೆಲ್ಲ ಸೊನ್ನೆ, ಅಲ್ಲೊಂದು ಇಲ್ಲೊಂದು ಕಡೆ ಅಡ್ಡಗೀಟು ಹಾಕಿ "ಅಳತೆ ಇಲ್ಲ" ಎಂದು ಬರೆದಿತ್ತು.

"ಎಂತದು ಮೇಡಂ, ಮಳೆ ಬರದಿದ್ರೂ ಇಂಕು ಖರ್ಚು ಮಾಡ್ತೀರಲ್ಲ" ಎಂದು ಛೇಡಿಸಿದೆ.

ಮೇಡಂ ನಕ್ಕರು. "ಖಾಲಿ ಬಿಟ್ರೆ ಮಳೆ ಬರ್ಲಿಲ್ವೋ, ನಾವು ನೋಡ್ಲಿಲ್ವೋ ಅಂತ ಗೊತ್ತಾಗಲ್ಲ ಸರ್. ಬರದಿದ್ರೆ ಸೊನ್ನೆ. ನೋಡದಿದ್ರೆ ಗೀಟು. ಎರಡೂ ಒಂದೇ ಅಲ್ಲ."

ಚಿತ್ರಾನ್ನದ ತಟ್ಟೆ ಬದಿಗಿಟ್ಟೆ. ಕೈ ತೊಳೆದು ಬಂದು ಫೋನು ತೆಗೆದು ಒಂದು ಚಿತ್ರ ತೋರಿಸಿದೆ. ಯಾರದ್ದು, ಯಾಕೆ ಎಂದು ಹೇಳಲಿಲ್ಲ. ಐದು ಗಂಟೆಗೆ ಗಾಳಿ ಹೇಗಿದೆ ಹೇಳಿ ಎಂದೆ ಅಷ್ಟೇ. ಮೇಡಂ ಬೆರಳಲ್ಲಿ ಚಿತ್ರ ಹಿಗ್ಗಿಸಿದರು.

"ಐದಕ್ಕೂ ಆರಕ್ಕೂ ಲೆಕ್ಕ ಬಂದಿಲ್ಲ ಸರ್. ಯಂತ್ರ ನಿಂತಿರ್ಬೇಕು, ಇಲ್ಲಾ ನೆಟ್ ಇರ್ಲಿಕ್ಕಿಲ್ಲ. ಆಚೆ ನಾಲ್ಕು, ಈಚೆ ಏಳು ಎರಡೂ ಕಡುಗೆಂಪು ಇದೆ ನೋಡಿ. ಮಧ್ಯದ್ದೂ ಹಂಗೇ ಇರ್ತದೆ. ಇದರಲ್ಲಿ ಅತಿ ಕೆಟ್ಟ ಹೊತ್ತೇ ಅದು."

"ಇಬ್ಬನಿಗೆ ಧೂಳು ಕೂರಲ್ವಾ?"

"ಇಲ್ಲ ಸರ್. ಚಳಿಗೆ ನೆಲದ ಹತ್ರದ ಗಾಳಿ ಮೇಲೇಳಲ್ಲ, ಹೊಗೆ ಧೂಳು ಎಲ್ಲಾ ಅದರೊಳಗೇ ಸಿಕ್ಕಿಬೀಳ್ತದೆ. ಬಿಸಿಲು ಕಾದ ಮೇಲೇ ಬಿಡುಗಡೆ. ಅದಕ್ಕೇ ಮಧ್ಯಾಹ್ನ ಕಂಬ ಇಳಿಯೋದು. ನಮ್ಮಲ್ಲೂ ಚಳಿಗಾಲದಲ್ಲಿ ಮಂಜು ಹೊಳೆ ಮೇಲೆ ಕೂತಿರ್ತದಲ್ಲ, ಹತ್ತು ಗಂಟೆ ಮೇಲೇ ಏಳೋದು. ನೀವು ನೋಡಿಲ್ವಾ?"

ನೋಡದೆ ಏನು. ನಲವತ್ತು ವರ್ಷ ಆ ಮಂಜಿನೊಳಗೇ ಮಕ್ಕಳನ್ನು ಓಡಿಸಿದವನು ನಾನು. ಒಲೆಯ ಹೊಗೆ ಮಂಜಿನ ಕೆಳಗೆ ಚಾಪೆ ಹಾಸಿದ ಹಾಗೆ ನಿಂತಿರುವುದನ್ನು ದಿನವೂ ಕಂಡಿದ್ದೆ. ಅದೇ ಹೊಗೆ ಒಬ್ಬಳ ಎದೆಯಲ್ಲಿ ಸೀಟಿ ಹೊಡೆಸುತ್ತಿದೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರನ್ನು ಕಂಡೇ ಹುಟ್ಟಿದ ಗಾದೆ.

ತೀರ್ಪುಗಾರನ ಕೆಲಸ ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಮರಳುವಾಗ ಸಾಗರಕ್ಕೆ ಟಿಕೆಟ್ ತೆಗೆದಿದ್ದರೂ ಹೊಸನಗರದಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಹಳೆಯ ಶಾಲೆಯ ಮೈದಾನಕ್ಕೆ ನಡೆದೆ. ಶಾಲೆ ಬಿಟ್ಟಾಗಿತ್ತು, ಯಾರೂ ಇರಲಿಲ್ಲ. ಸಂಜೆ ಬಿಸಿಲಲ್ಲಿ ಓಟದ ದಾರಿಯ ಸುಣ್ಣದ ಗೆರೆ ಅರ್ಧ ಅಳಿಸಿತ್ತು. ನಾನು ನಿಂತು ಕೂಗುತ್ತಿದ್ದ ಜಾಗದಲ್ಲೇ ನಿಂತು ಅವಳಿಗೆ ಫೋನು ಮಾಡಿದೆ.

ತಪ್ಪಾಯಿತು ಎನ್ನುವ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ವಿದ್ಯಾರ್ಥಿಗೆ ಆ ಮಾತು ಹೇಳಿ ನನಗೆ ಅಭ್ಯಾಸವಿಲ್ಲ. ಸುತ್ತಿ ಬಳಸಿ ಕೊನೆಗೆ ಹೇಳಿದೆ. "ಆ ಐದು ಆರು ಗಂಟೆ ಖಾಲಿ ಇತ್ತಲ್ಲ, ಅದು ಗಾಳಿ ಚೆನ್ನಾಗಿತ್ತು ಅಂತ ಅಲ್ಲವಂತೆ. ಅಳತೆಯೇ ಇರಲಿಲ್ಲವಂತೆ. ನನಗೆ ತಿಳಿದಿರಲಿಲ್ಲ. ನಾನು ನಿನ್ನನ್ನ ಕೆಡಿಸಿದೆ."



"ನಂಗೆ ಗೊತ್ತಿತ್ತು ಸರ್" ಎಂದಳು.

"ಏನು ಗೊತ್ತಿತ್ತು?"

"ಓಡಕ್ಕೆ ಶುರು ಮಾಡಿ ಮೂರನೇ ದಿನವೇ ಗೊತ್ತಾಯ್ತು. ಫೋನಲ್ಲಿ ಆ ಖಾಲಿ ಜಾಗ ಮುಟ್ಟಿದ್ರೆ ಮಾಹಿತಿ ಇಲ್ಲ ಅಂತ ಬರ್ತದೆ. ನಿಮಗೆ ಬರೀ ಚಿತ್ರ ಬಂದಿತ್ತಲ್ಲ, ಮುಟ್ಟಿದ್ರೆ ಏನೂ ಬರಲ್ಲ. ಪಕ್ಕದ ಬಡಾವಣೇಲಿ ಗಾಳಿ ಅಳೆಯೋ ಕೇಂದ್ರದ್ದೂ ನೋಡಿದೆ. ಅಲ್ಲಿ ಆ ಹೊತ್ತಿಗೆ ಕಡುಗೆಂಪೇ ಇತ್ತು."

ಮೈದಾನದ ಕಟ್ಟೆಯ ಮೇಲೆ ಕೂತೆ.

"ಗೊತ್ತಿದ್ದೂ ಎಂತಕ್ಕೆ ಓಡಿದೆ ಮಾರಾಯ್ತಿ? ನನಗೊಂದು ಮಾತು ಹೇಳ್ಬೋದಿತ್ತಲ್ಲ. ಬೇರೆ ಬರ್ದು ಕೊಡ್ತಿದ್ದೆ."

"ಹೇಳಿದ್ರೆ ನೀವು ನೆಪ ಅಂತಿದ್ರಿ ಸರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹದಿಮೂರನೇ ವಯಸ್ಸಿನಲ್ಲಿ ಈ ಮೈದಾನದಲ್ಲಿ ನಾನು ಕಲಿಸಿದ್ದನ್ನು ಅವಳು ಮೂವತ್ತನಾಲ್ಕರಲ್ಲೂ ಚಾಚೂ ತಪ್ಪದೆ ಪಾಲಿಸಿದ್ದಳು. ಎದೆ ಬಿಗಿದರೆ ಹೇಳಬಾರದು, ಓಡಬೇಕು. ಅವಳಿಗೆ ಓಟ ಕಲಿಸಿದವನು ನಾನೇ, ಅದನ್ನು ಕಿತ್ತುಕೊಂಡವನೂ ನಾನೇ. ಇದಕ್ಕೆ ದೆಹಲಿಯ ಗಾಳಿಯನ್ನು ದೂರಿ ಪ್ರಯೋಜನವಿಲ್ಲ.

"ಈಗ?" ಎಂದು ಕೇಳಿದೆ.

"ಈಗ ಓಡಲ್ಲ ಸರ್. ಪ್ರಾಕ್ಟೀಸಿನ ರಿಯಾಯಿತಿ ತೆಗೆದ್ರು, ಆಫೀಸಲ್ಲೇ ಇರ್ತೀನಿ. ರಜೆ ದಿನ ಮಧ್ಯಾಹ್ನ ಮೂರಕ್ಕೆ ಕಂಬ ನೋಡ್ಕೊಂಡು ಅರ್ಧ ಗಂಟೆ ನಡೀತೀನಿ. ಇಳಿದಿಲ್ಲ ಅಂದ್ರೆ ಅದೂ ಇಲ್ಲ." ಆಮೇಲೆ ಕೇಳಿದಳು, "ಅದು ಸರಿ ತಾನೆ ಸರ್?"

ಇಷ್ಟೆಲ್ಲ ಆದ ಮೇಲೂ ಅವಳು ನನ್ನ ಒಪ್ಪಿಗೆ ಕೇಳುತ್ತಿದ್ದಳು. ಸರಿ ಎಂದೆ. ಅವಳು ತಾನಾಗಿ ಹೇಳಿದ ಮಾತಿಗೆ ನಾನು ಸರಿ ಎಂದದ್ದು ಅದೇ ಮೊದಲು. ಆ ಹೊತ್ತಿಗೆ ಅವಳು ಓಡುವುದನ್ನು ಬಿಟ್ಟಾಗಿತ್ತು.